‘ಸರ್ವರ್ ಡೌನ್’ ಅಂದವರು ಕಂಡದ್ದೇನು?

ಸೋಮವಾರ ಬೆಳಗ್ಗೆ 10.52. ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದ ವಾಟ್ಸಾಪ್ ಗುಂಪಿಗೆ ಹೊರರೋಗಿಗಳ ಬಿಲ್ಲಿಂಗ್ ಕೌಂಟರಿನಿಂದ ಸಂದೇಶ ಬರುತ್ತದೆ: “ಸಾರ್, ಬೆಳಗ್ಗೆಯಿಂದ ನೆಟ್ ಇಲ್ಲ. ಸರ್ವರ್ ಡೌನ್ ಆಗಿದೆ. ಪೇಷೆಂಟ್ಸ್ ಕೂಗಾಡ್ತಿದಾರೆ. ತುಂಬಾ ಅರ್ಜೆಂಟ್, ಬೇಗ ಯಾರನ್ನಾದ್ರೂ ಕಳಿಸಿ.” ಕೊನೆಗೆ ಕೈಮುಗಿದ ಚಿತ್ರ ಮೂರು.

ಈ ಆಸ್ಪತ್ರೆ ನಾನು ಉದಾಹರಣೆಗೆಂದು ಕಟ್ಟಿಕೊಂಡದ್ದು. ಆದರೆ ಇದರೊಳಗೆ ನಡೆಯುವುದೆಲ್ಲ ನೂರಾರು ಕಚೇರಿಗಳಲ್ಲಿ ನಡೆಯುವಂಥದ್ದೇ. ಹೆಲ್ಪ್‌ಡೆಸ್ಕ್ ಎಂಬ ಹೆಸರಿನಡಿ ಕೂತ ಒಬ್ಬಿಬ್ಬರು ಹುಡುಗರಿಗೆ ದಿನವಿಡೀ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಅವರು ರಿಪೇರಿಗೆ ಕೈ ಹಾಕುವ ಮೊದಲು ಇನ್ನೊಂದು ಕೆಲಸ ಇರುತ್ತದೆ. ಬಂದ ಮಾತನ್ನು ರಿಪೇರಿ ಮಾಡಬಲ್ಲವರಿಗೆ ಅರ್ಥವಾಗುವ ಹಾಗೆ ತಿರುಗಿ ಬರೆಯುವ ಕೆಲಸ ಅದು. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಅರ್ಧ ರಿಪೇರಿ ಅಲ್ಲೇ ಆಗಿರುತ್ತದೆ, ಅಥವಾ ಅಲ್ಲೇ ಕೆಟ್ಟಿರುತ್ತದೆ.

ಮೊದಲು ಕೆಟ್ಟ ದಾರಿಯನ್ನೇ ನೋಡೋಣ. ಹೆಲ್ಪ್‌ಡೆಸ್ಕಿನಲ್ಲಿ ಹೊಸದಾಗಿ ಸೇರಿದ ಹುಡುಗ ಸಂದೇಶ ಓದಿದ. ‘ಸರ್ವರ್ ಡೌನ್’ ಎಂಬ ಮಾತು ಕಣ್ಣಿಗೆ ಬಿತ್ತು. ‘ಸರ್ವರ್ ಡೌನ್, ಅರ್ಜೆಂಟ್’ ಎಂದೇ ತಲೆಬರಹ ಕೊಟ್ಟು ಟಿಕೆಟ್ ತೆರೆದು, ಆಸ್ಪತ್ರೆಯ ಸಾಫ್ಟ್‌ವೇರ್ ನೋಡಿಕೊಳ್ಳುವ ಕಂಪನಿಗೆ 10.58ಕ್ಕೆ ಕಳಿಸಿದ. ಅವರು ತಮ್ಮಲ್ಲಿಂದಲೇ ಸರ್ವರ್ ಹೊಕ್ಕು ನೋಡಿದರು. ಸರ್ವರ್ ಆರಾಮಾಗಿತ್ತು, ಆಸ್ಪತ್ರೆಯ ಬಹಳಷ್ಟು ಜನ ಆಗಲೇ ಅದರಲ್ಲಿ ಕೆಲಸ ಮಾಡುತ್ತಿದ್ದರು. “ನಮ್ಮ ಕಡೆ ಎಲ್ಲ ಸರಿ ಇದೆ, ದಯವಿಟ್ಟು ಪರಿಶೀಲಿಸಿ” ಎಂದು 11.20ಕ್ಕೆ ಟಿಕೆಟ್ ವಾಪಸು ಬಂತು. ಅವರದು ಸುಳ್ಳೇನಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ್ದರು, ಪ್ರಶ್ನೆಯೇ ತಪ್ಪಾಗಿತ್ತು. ಕೌಂಟರಿನಲ್ಲಿ ಮಾತ್ರ ಸಾಲು ಹಾಗೇ ಬೆಳೆಯುತ್ತಿತ್ತು.

ಕೌಂಟರಿನ ಹೆಣ್ಣುಮಗಳನ್ನು ಇದಕ್ಕೆ ದೂರುವಂತಿಲ್ಲ. ನಾಡಕಚೇರಿಯಿಂದ ನ್ಯಾಯಬೆಲೆ ಅಂಗಡಿಯವರೆಗೆ ಪರದೆಯ ಮೇಲೆ ಬರಬೇಕಾದ್ದು ಬರದಿದ್ದರೆ ನಾವೆಲ್ಲ ಹೇಳುವುದು ‘ಸರ್ವರ್ ಡೌನ್’ ಎಂದೇ. ನಮ್ಮ ಬಾಯಲ್ಲಿ ಅದಕ್ಕೆ ‘ಕೆಲಸ ನಡೆಯುತ್ತಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ತೊಂದರೆ ಏನೆಂದರೆ, ಕಂಪ್ಯೂಟರ್ ವಿಭಾಗದವರ ಕಿವಿಗೆ ಬಿದ್ದಾಗ ಅದು ಒಂದು ನಿರ್ದಿಷ್ಟ ಯಂತ್ರ ನಿಂತಿದೆ ಎಂಬ ಸುದ್ದಿಯಾಗುತ್ತದೆ. ಹೇಳಿದವರ ಊಹೆ ಕೇಳಿದವರಲ್ಲಿ ಸಂಗತಿಯಾಗಿ ಕೂರುತ್ತದೆ. PuTTY ಎಂಬ ಹೆಸರಾಂತ ತಂತ್ರಾಂಶ ಬರೆದ ಸೈಮನ್ ಟ್ಯಾಥಮ್, ತಂತ್ರಾಂಶದ ದೋಷಗಳನ್ನು ವರದಿ ಮಾಡುವುದು ಹೇಗೆಂದು 1999ರಲ್ಲಿ ಒಂದು ಪ್ರಬಂಧ ಬರೆದರು. ನೀವು ಕಂಡದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ತಿಳಿಯಬೇಕು ಎಂಬುದು ಅದರಲ್ಲಿ ಅವರು ಒತ್ತಿ ಹೇಳುವ ಮಾತು. ಬೇಕಾದರೆ ಊಹೆ ಬಿಡಬಹುದು, ಕಂಡದ್ದನ್ನು ಬಿಡಬಾರದು.

ಹಾಗಾದರೆ ಆ ಸಂದೇಶದಲ್ಲಿ ಕಂಡದ್ದು ಎಷ್ಟಿದೆ? ‘ನೆಟ್ ಇಲ್ಲ’ ಎಂಬುದು ಊಹೆ. ‘ಸರ್ವರ್ ಡೌನ್’ ಇನ್ನೊಂದು ಊಹೆ, ಮೊದಲನೆಯದಕ್ಕೆ ಅದು ಹೊಂದುವುದೂ ಇಲ್ಲ. ‘ಬೆಳಗ್ಗೆಯಿಂದ’ ಎಂಬುದು ಅಂದಾಜು. ‘ಅರ್ಜೆಂಟ್’ ಎಂಬುದು ಅಭಿಪ್ರಾಯ. ಉಳಿಯುವುದು ರೋಗಿಗಳು ಕೂಗಾಡುತ್ತಿರುವುದೊಂದೇ. ಪಾಪ, ಇಡೀ ಸಂದೇಶದಲ್ಲಿ ಕಣ್ಣಾರೆ ಕಂಡ ಸಂಗತಿ ಅದೊಂದು.

11.22ಕ್ಕೆ ವಿಭಾಗದ ಹಿರಿಯ ಕೈಯಲ್ಲಿ ಫೋನು ಹಿಡಿದ. ಸಂಭಾಷಣೆ ಹೀಗೆ ನಡೆಯಿತು ಎನ್ನೋಣ.

“ಮೇಡಂ, ಈಗ ಸ್ಕ್ರೀನ್ ಮೇಲೆ ಏನು ಬರೆದಿದೆಯೋ ಹಾಗೇ ಓದ್ತೀರಾ?”

“ಅದೇ ಸಾರ್, ಸೈಟ್ ಓಪನ್ ಆಗಲ್ಲ ಅಂತ.”

“ಇಂಗ್ಲಿಷಲ್ಲಿ ಇರೋದನ್ನೇ ಓದಿ. ಕೆಳಗಡೆ ಸಣ್ಣಕ್ಷರದಲ್ಲಿ ಏನಾದ್ರೂ ಇದೆಯಾ?”

“ಇ ಆರ್ ಆರ್, ಕನೆಕ್ಷನ್, ಟೈಮ್ಡ್ ಔಟ್ ಅಂತ ಇದೆ.”

“ಪಕ್ಕದ ಕೌಂಟರ್‌ನಲ್ಲಿ?”

“ಒಂದು, ಎರಡು ನಡೀತಿದೆ ಸಾರ್. ನಂದು ಮೂರು, ಆಮೇಲೆ ನಾಲ್ಕು, ಇವೆರಡೇ ಇಲ್ಲ.”

“ನೀವು ಸಿಸ್ಟಂ ಆನ್ ಮಾಡಿದ್ದು ಎಷ್ಟೊತ್ತಿಗೆ?”

“ನಮ್ಮ ಎರಡು ಕೌಂಟರ್ ತೆಗೆಯೋದೇ ಹತ್ತೂಕಾಲಿಗೆ. ಅವರಿಬ್ಬರು ಎಂಟಕ್ಕೇ ಬರ್ತಾರೆ.”

“ಆನ್ ಮಾಡಿದ ಮೇಲೆ ಒಂದು ಸಲನಾದ್ರೂ ಬಂತಾ?”

“ಇಲ್ಲ ಸಾರ್, ಬರಲೇ ಇಲ್ಲ. ಶನಿವಾರ ಸಂಜೆ ಚೆನ್ನಾಗಿತ್ತು.”

ಮಾತು ಎರಡು ನಿಮಿಷವೂ ಹಿಡಿಯಲಿಲ್ಲ, ಚಿತ್ರವೇ ಬದಲಾಯಿತು. ‘ಸರ್ವರ್ ಡೌನ್’ ಬಿದ್ದುಹೋಯಿತು, ಏಕೆಂದರೆ ಪಕ್ಕದ ಎರಡು ಕೌಂಟರಿಗೆ ಅದೇ ಸರ್ವರ್ ಸಿಗುತ್ತಿದೆ. ‘ಬೆಳಗ್ಗೆಯಿಂದ’ ಎಂಬುದು ‘10.15ಕ್ಕೆ ಆನ್ ಮಾಡಿದಾಗಿನಿಂದ’ ಎಂದಾಯಿತು. ಎಲ್ಲಕ್ಕಿಂತ ಬೆಲೆಬಾಳುವ ಉತ್ತರ ನಡೆಯುತ್ತಿರುವ ಯಂತ್ರಗಳ ಕುರಿತದ್ದು. ಕೆಟ್ಟಿರುವುದನ್ನು ಜನ ತಾವಾಗಿಯೇ ಹೇಳುತ್ತಾರೆ. ಕೆಡದೇ ಇರುವುದನ್ನು ಕೇಳದೆ ಯಾರೂ ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಬಗೆಯ ನಾಲ್ಕು ಯಂತ್ರಗಳಲ್ಲಿ ಎರಡು ಸರಿ, ಎರಡು ಕೆಟ್ಟವು ಎಂದ ಮೇಲೆ ಆ ಎರಡು ಜೋಡಿಯ ನಡುವಿನ ವ್ಯತ್ಯಾಸದೊಳಗೇ ಕಾರಣ ಅಡಗಿರಬೇಕು. ಇಲ್ಲಿ ಎದ್ದು ಕಾಣುವ ವ್ಯತ್ಯಾಸ ಒಂದೇ: ಎಂಟು ಗಂಟೆಗೆ ಆನ್ ಆದವು ನಡೆಯುತ್ತಿವೆ, ಹತ್ತರ ಮೇಲೆ ಆನ್ ಆದವು ನಡೆಯುತ್ತಿಲ್ಲ.

ಇಷ್ಟು ತಿಳಿದ ಮೇಲೆ ಹಿರಿಯ ಬೆಳಗಿನ ಉಳಿದ ಟಿಕೆಟುಗಳನ್ನು ತಿರುವಿ ಹಾಕಿದ. ಅದರಲ್ಲೊಂದು ಲ್ಯಾಬಿನದು. 10.25ಕ್ಕೆ ಅಲ್ಲಿಂದ “ಸಾಫ್ಟ್‌ವೇರ್ ಸ್ವಲ್ಪ ಸ್ಲೋ” ಎಂದು ಫೋನು ಬಂದಿತ್ತು. ಹೊಸ ಹುಡುಗ ರೂಢಿಯಂತೆ “ಒಂದ್ಸಲ ರೀಸ್ಟಾರ್ಟ್ ಮಾಡಿ” ಎಂದು ಹೇಳಿ ಟಿಕೆಟ್ ಮುಚ್ಚಿದ್ದ. ಈಗ ಕರೆ ಮಾಡಿ ಕೇಳಿದರೆ, 10.30ಕ್ಕೆ ರೀಸ್ಟಾರ್ಟ್ ಮಾಡಿದ ಮೇಲೆ ಆ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ತೆರೆದೇ ಇಲ್ಲ! ಅಲ್ಲಿಯ ತಂತ್ರಜ್ಞೆ ಗಲಾಟೆ ಮಾಡದೆ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಐಸಿಯುಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಳು. ಕೆಟ್ಟಿರುವ ಯಂತ್ರಗಳು ಎರಡಲ್ಲ, ಮೂರು. ಮೂರನೆಯದನ್ನು ಕೆಡಿಸಿದ್ದು ಹೆಲ್ಪ್‌ಡೆಸ್ಕಿನ ಸಲಹೆಯೇ. ಇನ್ನು ಕೌಂಟರ್ ಒಂದು, ಎರಡಕ್ಕೂ ಅದೇ ಸಲಹೆ ಕೊಟ್ಟಿದ್ದರೆ ಅವೂ ಹೋಗುತ್ತಿದ್ದವೋ ಏನೋ.

ಸಮಯದ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಿರುಗಿ ಬರೆಯುವವರು ಹೆಚ್ಚು ಎಡವುವುದು ಇಲ್ಲೇ. ಸಂದೇಶ ಬಂದ 10.52 ಟಿಕೆಟಿನಲ್ಲಿ ತಾನಾಗಿಯೇ ಮುದ್ರೆಯಾಗುತ್ತದೆ, ಅದನ್ನೇ ತೊಂದರೆ ಶುರುವಾದ ಹೊತ್ತು ಎಂದು ಓದಿಬಿಡುತ್ತಾರೆ. ಬೇಕಾದದ್ದು ಅದಲ್ಲ. ಕೊನೆಯ ಸಲ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ, ಕೆಟ್ಟಿದೆಯೆಂದು ಮೊದಲು ಕಂಡದ್ದು ಯಾವಾಗ, ಈ ಎರಡು ಬೇಕು. ಕಾರಣ ಹುಟ್ಟಿದ್ದು ಆ ಎರಡರ ನಡುವೆ. ಕೌಂಟರ್ ಮೂರಕ್ಕೆ ಈ ಅಂತರ ಶನಿವಾರ ಸಂಜೆಯಿಂದ ಸೋಮವಾರ 10.15ರವರೆಗೆ, ಅಂದರೆ ತೀರಾ ಅಗಲ. ಲ್ಯಾಬಿನ ಕಂಪ್ಯೂಟರಿನದು 10.25ರಿಂದ 10.30, ಬರೀ ಐದು ನಿಮಿಷ. ಆದರೆ ಅದು ಆ ಯಂತ್ರ ಕೆಟ್ಟ ಹೊತ್ತೇ ಹೊರತು ಜಾಲದಲ್ಲಿ ದೋಷ ಹುಟ್ಟಿದ ಹೊತ್ತಲ್ಲ. ಎಂಟಕ್ಕೆ ಆನ್ ಆದವು ಚೆನ್ನಾಗಿವೆ, 10.15ಕ್ಕೆ ಆನ್ ಆದವು ಕೆಟ್ಟಿವೆ. ಹೀಗಾಗಿ ಕಾರಣ ಹುಟ್ಟಿದ್ದು 8ಕ್ಕೂ 10.15ಕ್ಕೂ ನಡುವೆ ಎಂದು ಯಂತ್ರವನ್ನು ಮುಟ್ಟುವ ಮೊದಲೇ ಬರೆಯಬಹುದು. ‘ಬೆಳಗ್ಗೆಯಿಂದ’ ಎಂಬ ಮಾತಿಗೆ ಈ ಶಕ್ತಿ ಇಲ್ಲ.

ಯಾವ ಗಡಿಯಾರ ಎಂಬುದೂ ಮುಖ್ಯ. ಬಹಳಷ್ಟು ಸರ್ವರುಗಳು ತಮ್ಮ ದಾಖಲೆಯಲ್ಲಿ ಬರೆದುಕೊಳ್ಳುವುದು ಜಾಗತಿಕ ಸಮಯ, ಅಂದರೆ ಯುಟಿಸಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ 10.15 ಅಲ್ಲಿ 04:45. ಬರೀ ‘10.15’ ಎಂದು ಬರೆದು ಹೊರದೇಶದ ತಂಡಕ್ಕೆ ಕಳಿಸಿದರೆ ಅವರು ನಮ್ಮ ಮಧ್ಯಾಹ್ನ 3.45ರ ದಾಖಲೆ ತೆರೆದು ಕೂರುತ್ತಾರೆ. ಹಾಗಾಗಿ ಹೊರಗೆ ಹೋಗುವ ವರದಿಯಲ್ಲಿ ‘ಭಾರತೀಯ ಸಮಯ’ ಎಂಬ ಎರಡು ಪದ ಬಿಡಬಾರದು.

ಸಮಯ ಎಷ್ಟು ಹೇಳಬಲ್ಲದು ಎಂಬುದಕ್ಕೆ 2024ರ ಜುಲೈ 19ರ ಶುಕ್ರವಾರದಂಥ ಸಾಕ್ಷಿ ಇನ್ನೊಂದಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ದೋಷವಿದ್ದ ಒಂದು ಕಡತವನ್ನು ಭಾರತೀಯ ಸಮಯ 9.39ಕ್ಕೆ ಜಗತ್ತಿಗೆಲ್ಲ ಹರಿಯಬಿಟ್ಟಿತು, 10.57ಕ್ಕೆ ಹಿಂತೆಗೆದುಕೊಂಡಿತು. ಆ 78 ನಿಮಿಷಗಳಲ್ಲಿ ಜಾಲದಲ್ಲಿದ್ದು ಕಡತ ಪಡೆದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವು ಸುಮಾರು 85 ಲಕ್ಷ. ಹನ್ನೊಂದರ ಮೇಲೆ ಆನ್ ಆದ ಪಕ್ಕದ ಮೇಜಿನ ಯಂತ್ರಕ್ಕೆ ಏನೂ ಆಗಲಿಲ್ಲ. ಆ ದಿನ ‘ಕಂಪ್ಯೂಟರ್ ನೀಲಿ ಆಗಿದೆ’ ಎಂದಷ್ಟೇ ಬರೆದವರ ಟಿಕೆಟ್ಟಿಗಿಂತ, ಯಂತ್ರ ಎಷ್ಟು ಹೊತ್ತಿಗೆ ಬಿತ್ತು, ಪರದೆಯ ಮೇಲೆ `csagent.sys` ಎಂಬ ಹೆಸರಿದೆ ಎಂದು ಬರೆದವರ ಟಿಕೆಟ್ ಕಾರಣದ ಹತ್ತಿರಕ್ಕೆ ಬೇಗ ತಲುಪಿಸುತ್ತಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಅನುವಾದಿಸದೆ, ತಿದ್ದದೆ, ಇದ್ದ ಹಾಗೇ ಬರೆಯಬೇಕೆನ್ನುವುದು ಇದಕ್ಕೇ.

ಈಗ ‘ಅರ್ಜೆಂಟ್’. ಎಲ್ಲರದ್ದೂ ಅರ್ಜೆಂಟೇ, ಹಾಗಾಗಿ ಆ ಪದದಿಂದ ಯಾವ ನಿರ್ಧಾರವೂ ಆಗುವುದಿಲ್ಲ. ಐಟಿ ಸೇವೆಗಳ ನಿರ್ವಹಣೆಗೆ ಐಟಿಐಎಲ್ ಎಂಬ ರೂಢಿಯೊಂದಿದೆ. 1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರದ ಒಂದು ಸಂಸ್ಥೆಯಲ್ಲಿ ಶುರುವಾಗಿ ಈಗ ಜಗತ್ತೆಲ್ಲ ಹಬ್ಬಿದೆ. ಅಲ್ಲಿ ಆದ್ಯತೆಯನ್ನು ಎರಡು ಪ್ರಶ್ನೆಗಳಿಂದ ಅಳೆಯುತ್ತಾರೆ. ಹೊಡೆತ ಎಷ್ಟು ಜನಕ್ಕೆ, ಎಂಥ ಕೆಲಸಕ್ಕೆ ಬಿದ್ದಿದೆ ಎಂಬುದೊಂದು, ಎಷ್ಟು ಹೊತ್ತು ತಡೆಯಬಹುದು ಎಂಬುದಿನ್ನೊಂದು. ಇವೆರಡಕ್ಕೂ ಉತ್ತರ ಸಿಗುವುದು ಕೆಲಸದ ಭಾಷೆಯಲ್ಲಿ, ಕಂಪ್ಯೂಟರಿನ ಭಾಷೆಯಲ್ಲಲ್ಲ. ‘ಮೂರು ಯಂತ್ರ ಆಫ್‌ಲೈನ್’ ಎಂದರೆ ಆಡಳಿತಾಧಿಕಾರಿಗೆ ಏನೂ ಗೊತ್ತಾಗದು. ‘ನಾಲ್ಕು ಕೌಂಟರಿನಲ್ಲಿ ಎರಡೇ ನಡೆಯುತ್ತಿವೆ, ಸಾಲಿನಲ್ಲಿ ಸುಮಾರು 40 ಜನ, 10.30ರಿಂದ ಕೈರಸೀದಿ’ ಎಂದರೆ ಗೊತ್ತಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಒಂದು ವಿಪರ್ಯಾಸವಿದೆ. ಕೂಗಾಟ ಇದ್ದದ್ದು ಕೌಂಟರಿನಲ್ಲಿ, ಅಪಾಯ ಇದ್ದದ್ದು ಲ್ಯಾಬಿನಲ್ಲಿ. ಬಿಲ್ಲು ತಡವಾದರೆ ಜನ ಬೈಯುತ್ತಾರೆ. ಐಸಿಯು ರೋಗಿಯ ಪೊಟ್ಯಾಸಿಯಂ ಮಟ್ಟವನ್ನು ಫೋನಿನಲ್ಲಿ ಓದಿ ಹೇಳುವಾಗ ಒಂದು ಅಂಕಿ ತಪ್ಪಿದರೆ ಆಗುವ ಅನಾಹುತ ಬೇರೆಯದೇ. ಕೈಮುಗಿದ ಚಿತ್ರಗಳ ಲೆಕ್ಕದಲ್ಲಿ ಆದ್ಯತೆ ಕೊಟ್ಟಿದ್ದರೆ ಲ್ಯಾಬು ಪಟ್ಟಿಯ ತಳದಲ್ಲಿರುತ್ತಿತ್ತು. ಸುಮ್ಮನೆ ಹೇಗೋ ನಿಭಾಯಿಸಿಕೊಂಡು ಹೋಗುವವರನ್ನು ಕೇಳಿ ಹೊರತೆಗೆಯುವುದೂ ಬರೆಯುವವರ ಹೊಣೆ. ಅದಕ್ಕೇ ‘ಸದ್ಯಕ್ಕೆ ಹೇಗೆ ಮಾಡ್ತಿದ್ದೀರಿ?’ ಎಂಬ ಪ್ರಶ್ನೆ ಯಾವಾಗಲೂ ಕೇಳತಕ್ಕದ್ದು.

ಇನ್ನೊಂದು ಕೆಲಸ ಬಾಕಿಯಿತ್ತು. ಹಿರಿಯ ಕೌಂಟರ್ ಎರಡು ಮತ್ತು ಮೂರರಲ್ಲಿ ಕೂತವರಿಗೆ ಕಪ್ಪು ಕಿಟಕಿ ತೆರೆಸಿ `ipconfig` ಎಂದು ಟೈಪಿಸಲು ಹೇಳಿ, ಬಂದದ್ದರ ಫೋಟೊ ತರಿಸಿಕೊಂಡ. ಸರಿ ಇರುವ ಕೌಂಟರ್ ಎರಡರಲ್ಲಿ ಹೀಗಿತ್ತು:

```
IPv4 Address. . . : 10.20.3.42
Default Gateway . : 10.20.3.1
```

ಕೆಟ್ಟಿರುವ ಕೌಂಟರ್ ಮೂರರಲ್ಲಿ ಹೀಗೆ:

```
IPv4 Address. . . : 192.168.0.104
Default Gateway . : 192.168.0.1
```

ಆಸ್ಪತ್ರೆಯ ಜಾಲದ ವಿಳಾಸಗಳೆಲ್ಲ 10.20 ಎಂದು ಶುರುವಾಗಬೇಕು. ಎರಡನೆಯದು ಮನೆಯ ವೈಫೈ ಡಬ್ಬಿಗಳು ಹಂಚುವ ಬಗೆಯ ವಿಳಾಸ. ಅನುಭವಿಗೆ ಇಷ್ಟು ಸಾಕು. ಆದರೆ ಅವನು ವರದಿಯಲ್ಲಿ ‘ಯಾರೋ ರೂಟರ್ ಸಿಕ್ಕಿಸಿದ್ದಾರೆ’ ಎಂದು ಬರೆಯಲಿಲ್ಲ. ಎರಡು ವಿಳಾಸಗಳನ್ನು ಬರೆದು, ತನ್ನ ಊಹೆಯನ್ನು ಊಹೆ ಎಂದೇ ಕೆಳಗೆ ಬೇರೆಯಾಗಿ ಇಟ್ಟ. 11.34ಕ್ಕೆ ನೆಟ್‌ವರ್ಕ್ ನೋಡುವವರಿಗೆ ಹೋದ ವರದಿ ಇದು:

ತಲೆಬರಹ: ಹೊರರೋಗಿ ಬಿಲ್ಲಿಂಗ್ ಕೌಂಟರ್ 3, 4 ಮತ್ತು ಲ್ಯಾಬಿನ ಒಂದು ಕಂಪ್ಯೂಟರಿನಿಂದ ಆಸ್ಪತ್ರೆ ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಇಂದು 10.15ರಿಂದ.

ಕಂಡದ್ದು: ಕೌಂಟರ್ 3ರಲ್ಲಿ ಬ್ರೌಸರ್ ERR_CONNECTION_TIMED_OUT ಎನ್ನುತ್ತದೆ. ಕೌಂಟರ್ 4 ಮತ್ತು ಲ್ಯಾಬಿನಲ್ಲೂ ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಅಲ್ಲಿ ಪರದೆಯ ಮೇಲೇನಿದೆ ಎಂದು ಇನ್ನೂ ನೋಡಿಲ್ಲ. ಕೌಂಟರ್ 3ರ ವಿಳಾಸ 192.168.0.104, ಗೇಟ್‌ವೇ 192.168.0.1.

ಸರಿ ಇರುವುದು: ಕೌಂಟರ್ 1, 2 ಮತ್ತು ಔಷಧಿ ವಿಭಾಗ. ಇವು 8 ಗಂಟೆಗೆ ಆನ್ ಆಗಿವೆ. ಕೌಂಟರ್ 2ರ ವಿಳಾಸ 10.20.3.42. ಸರ್ವರ್ ಸರಿ ಇದೆ ಎಂದು ಸಾಫ್ಟ್‌ವೇರ್ ಕಂಪನಿ 11.20ಕ್ಕೆ ತಿಳಿಸಿದೆ.

ಸಮಯ, ಭಾರತೀಯ: ಕೌಂಟರ್ 3, 4 ಶನಿವಾರ ಸಂಜೆ ಸರಿಯಿದ್ದವು, ಇಂದು 10.15ಕ್ಕೆ ಆನ್ ಮಾಡಿದಾಗಿನಿಂದ ಇಲ್ಲ. ಲ್ಯಾಬಿನದು 10.25ಕ್ಕೆ ನಿಧಾನವಾಗಿ ನಡೆಯುತ್ತಿತ್ತು, 10.30ಕ್ಕೆ ರೀಸ್ಟಾರ್ಟ್ ಮಾಡಿದ ಮೇಲೆ ಇಲ್ಲ.

ಪರಿಣಾಮ: ಲ್ಯಾಬ್ ಫಲಿತಾಂಶಗಳು ಐಸಿಯುಗೆ ಫೋನಿನಲ್ಲಿ ಹೋಗುತ್ತಿವೆ, ತಪ್ಪಾಗುವ ಅಪಾಯವಿದೆ. ಬಿಲ್ಲಿಂಗ್ ಅರ್ಧಕ್ಕೆ ಇಳಿದಿದೆ, ಸಾಲಿನಲ್ಲಿ ಸುಮಾರು 40 ಜನ, ಕೈರಸೀದಿ ನಡೆಯುತ್ತಿದೆ.

ಈವರೆಗೆ ಮಾಡಿದ್ದು: ಲ್ಯಾಬಿನಲ್ಲಿ ರೀಸ್ಟಾರ್ಟ್, ಅದರಿಂದ ಕೆಟ್ಟಿತು. ಉಳಿದ ಯಾವ ಯಂತ್ರವನ್ನೂ ರೀಸ್ಟಾರ್ಟ್ ಮಾಡಬೇಡಿ ಎಂದು ಎಲ್ಲರಿಗೂ ತಿಳಿಸಿದೆ.

ಊಹೆ, ಖಚಿತವಿಲ್ಲ: ಜಾಲದಲ್ಲಿ ಬೇರೆ ಯಾವುದೋ ಸಾಧನ ವಿಳಾಸ ಹಂಚುತ್ತಿರಬಹುದು.

ನೆಟ್‌ವರ್ಕ್ ಎಂಜಿನಿಯರ್ ಇದನ್ನು ಓದಿದವನೇ ಸರ್ವರಿನ ಕಡೆ ತಿರುಗಿಯೂ ನೋಡಲಿಲ್ಲ. ಕಚೇರಿಯ ಜಾಲದಲ್ಲಿ ಪ್ರತಿ ಕಂಪ್ಯೂಟರೂ ಆನ್ ಆದಾಗ ‘ನನಗೊಂದು ವಿಳಾಸ ಕೊಡಿ’ ಎಂದು ಜಾಲಕ್ಕೆಲ್ಲ ಕೇಳುವಂತೆ ಕೂಗುತ್ತದೆ. ವಿಳಾಸ ಹಂಚುವ ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಹಂಚುವವರು ಇಬ್ಬರಿದ್ದರೆ ಯಂತ್ರ ಸಾಮಾನ್ಯವಾಗಿ ಮೊದಲು ಉತ್ತರಿಸಿದವರದ್ದನ್ನೇ ತೆಗೆದುಕೊಳ್ಳುತ್ತದೆ. ಆಗಲೇ ವಿಳಾಸ ಪಡೆದು ನಡೆಯುತ್ತಿರುವ ಯಂತ್ರ ತನ್ನದನ್ನು ಅವಧಿ ಇರುವಷ್ಟು ಕಾಲ ಇಟ್ಟುಕೊಂಡಿರುತ್ತದೆ. ಎಂಟು ಗಂಟೆಯವು ಬದುಕುಳಿದದ್ದು, ರೀಸ್ಟಾರ್ಟ್ ಮಾಡಿದ್ದು ಕೆಟ್ಟದ್ದು, ಎಲ್ಲಕ್ಕೂ ಇಲ್ಲಿ ಉತ್ತರವಿದೆ. ಅವನು ಕೌಂಟರ್ ಮೂರರಲ್ಲಿ `arp -a` ಎಂದು ಟೈಪಿಸಿ, 192.168.0.1 ಎಂಬ ಸಾಧನದ ಯಂತ್ರಸಂಖ್ಯೆ ತೆಗೆದ. ಆ ಸಂಖ್ಯೆ ಸ್ವಿಚ್ಚಿನ ಯಾವ ಕಿಂಡಿಯ ಆಚೆ ಇದೆಯೆಂದು ಸ್ವಿಚ್ಚಿನಲ್ಲೇ ಹುಡುಕಿದ. ಅದು ಮೊದಲ ಮಹಡಿಯ ಸಭಾಕೊಠಡಿಯ ಗೋಡೆಯ ಸಾಕೆಟ್ಟಿಗೆ ಹೋಗುವ ತಂತಿ.

ಅಲ್ಲಿ ಹತ್ತು ಗಂಟೆಗೆ ಔಷಧ ಕಂಪನಿಯೊಂದರ ಪ್ರಾತ್ಯಕ್ಷಿಕೆಯಿತ್ತು. ವೈಫೈ ಸಿಗ್ನಲ್ ಸಾಲದೆಂದು ಯಾರೋ ಮನೆಯಿಂದ ರೂಟರ್ ತಂದು ಗೋಡೆಯ ತಂತಿಯನ್ನು ಅದರ ತಪ್ಪು ಕಿಂಡಿಗೆ ಸಿಕ್ಕಿಸಿದ್ದರು. ಹೊರಗಿನ ಸಂಪರ್ಕಕ್ಕೆಂದು ಇರುವ ಕಿಂಡಿ ಬಿಟ್ಟು ಮನೆಯ ಕಂಪ್ಯೂಟರಿಗೆಂದು ಇರುವ ಕಿಂಡಿಗೆ. ಡಬ್ಬಿ ಆಸ್ಪತ್ರೆಗೆಲ್ಲ ವಿಳಾಸ ಹಂಚತೊಡಗಿತ್ತು. 11.47ಕ್ಕೆ ತಂತಿ ಎಳೆದರು. ಕೆಟ್ಟಿದ್ದ ಮೂರರಲ್ಲಿ `ipconfig /release`, `ipconfig /renew` ಕೊಟ್ಟರು. 11.55ಕ್ಕೆ ಕೌಂಟರ್ ಮೂರರಲ್ಲಿ ಬಿಲ್ಲು ಬಂತು. ಸರಿಯಾದ ವರದಿ ಕೈಸೇರಿದ ಮೇಲೆ ಹಿಡಿದದ್ದು 21 ನಿಮಿಷ, ಅದಕ್ಕೆ ಮೊದಲು ಕಳೆದದ್ದು 42.

ಬೆಳಗ್ಗೆ ‘ಏನಾದರೂ ಬದಲಾಯಿಸಿದ್ರಾ?’ ಎಂದು ಎಲ್ಲರನ್ನೂ ಕೇಳಿದ್ದರೆ ಮೊದಲೇ ಸಿಗುತ್ತಿರಲಿಲ್ಲವೇ ಎನ್ನಬಹುದು. ಕೇಳಲೇಬೇಕು, ಆದರೆ ಕೇಳುವ ಧಾಟಿ ನೋಡಿಕೊಂಡು. ಪೊಲೀಸರಂತೆ ಕೇಳಿದರೆ ಬರುವ ಉತ್ತರ ಒಂದೇ, ‘ನಾನೇನೂ ಮುಟ್ಟಿಲ್ಲ ಸಾರ್’. ‘ಇವತ್ತು ನಿಮ್ಮ ಕಡೆ ಹೊಸದಾಗಿ ಏನಾದ್ರೂ ಬಂತಾ, ಶಿಫ್ಟ್ ಆಯ್ತಾ, ಮೀಟಿಂಗ್ ಇತ್ತಾ?’ ಎಂದರೆ ಜನ ಹೇಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ತಿರುಗಿ ಬರೆಯುವಾಗ ಮೂಲ ಸಂದೇಶವನ್ನು ಅಳಿಸಬಾರದು, ಟಿಕೆಟಿನ ಬುಡದಲ್ಲಿ ಅಕ್ಷರ ತಿದ್ದದೆ ಇಡಬೇಕು. ಬರೆಯುವವನು ತನಗೆ ತಿಳಿಯದೆಯೇ ಏನನ್ನೋ ಕೂಡಿಸಿರುತ್ತಾನೆ. ಕಳಿಸಿದವಳು ‘ಸ್ಲೋ’ ಎಂದದ್ದು ‘ತೆರೆಯುತ್ತಿಲ್ಲ’ ಎಂದಾಗಿರುತ್ತದೆ, ‘ಎರಡು ಮೂರು ಜನಕ್ಕೆ’ ಎಂದದ್ದು ‘ಮೂರು ಜನಕ್ಕೆ’ ಎಂದಾಗಿರುತ್ತದೆ. ಗೊತ್ತಿಲ್ಲದ್ದನ್ನು ‘ಕೇಳಿಲ್ಲ’ ಎಂದು ಬರೆಯುವುದು ಅಂದವಾಗಿ ತುಂಬುವುದಕ್ಕಿಂತ ಮೇಲು. ಮೇಲಿನ ವರದಿಯಲ್ಲಿ ಲ್ಯಾಬಿನ ಪರದೆಯ ಬಗ್ಗೆ ಬರೆದ ಹಾಗೆ. ಫೋಟೊ ತರಿಸುವಾಗಲೂ ಎಚ್ಚರ ಬೇಕು. ಲ್ಯಾಬಿನ ಪರದೆಯ ಫೋಟೊದಲ್ಲಿ ರೋಗಿಯ ಹೆಸರು, ಕಾಯಿಲೆ ಎಲ್ಲ ಇರುತ್ತದೆ, ಅದು ವಾಟ್ಸಾಪ್ ಗುಂಪಿಗೆ ಬೀಳಬಾರದು. ಪಾಸ್‌ವರ್ಡು, ಒಟಿಪಿ ಯಾವ ಟಿಕೆಟಿನಲ್ಲೂ ಇರಕೂಡದು, ಕೇಳಿದವರು ಹೆಲ್ಪ್‌ಡೆಸ್ಕಿನವರೇ ಆದರೂ.

ವರದಿ ಬರೆಯುತ್ತಾ ಕೂರಬಾರದ ಸಂದರ್ಭವೂ ಒಂದಿದೆ. ಕಡತಗಳ ಹೆಸರು ಕಣ್ಣೆದುರೇ ಬದಲಾಗುತ್ತಿವೆ, ಹಣ ಕೇಳುವ ಚೀಟಿ ಪರದೆಯ ಮೇಲೆ ಬಂದಿದೆ ಎಂದರೆ ಮೊದಲು ಜಾಲದ ತಂತಿ ಕೀಳಬೇಕು, ವೈಫೈ ಆರಿಸಬೇಕು, ಫೋನ್ ಮಾಡಬೇಕು, ಬರೆಯುವುದು ಆಮೇಲೆ. ಆದರೆ ಗಮನಕ್ಕೆ ಬಂದ ಹೊತ್ತನ್ನು ಮಾತ್ರ ಆಗಲೇ ಎಲ್ಲಾದರೂ ಗೀಚಿಕೊಳ್ಳಬೇಕು. ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ತಿಳಿಸಬೇಕು. ಗಣಕಯಂತ್ರಗಳ ಗಡಿಯಾರಗಳನ್ನು ಸರ್ಕಾರಿ ಸಮಯಕ್ಕೆ ಹೊಂದಿಸಿಕೊಂಡಿರಬೇಕೆಂಬ ಮಾತೂ ಅದರಲ್ಲಿದೆ. ಗಡಿಯಾರಗಳು ಒಂದಕ್ಕೊಂದು ಕೂಡದಿದ್ದರೆ ಎಷ್ಟೇ ನಿಖರ ವರದಿಯೂ ದಾರಿ ತಪ್ಪಿಸುತ್ತದೆ.

ಇಪ್ಪತ್ತು ಖಾನೆಗಳ ಫಾರಂ ಮಾಡಿ ಕೌಂಟರಿನವರ ಮುಂದೆ ಇಡುವುದೇ ಇದಕ್ಕೆ ಪರಿಹಾರ ಎಂದುಕೊಂಡ ಸಂಸ್ಥೆಗಳು ಬಹಳ. ನಾನಂತೂ ಒಪ್ಪುವುದಿಲ್ಲ. ಎದುರು ನಲವತ್ತು ಜನ ನಿಂತಿರುವಾಗ ಯಾರೂ ಫಾರಂ ತುಂಬುವುದಿಲ್ಲ, ತುಂಬಿದರೂ ಎಲ್ಲ ಖಾನೆಗೂ ‘ಅರ್ಜೆಂಟ್’ ಎಂದೇ ಬರುತ್ತದೆ. ಸಂದೇಶವನ್ನು ವರದಿಯಾಗಿಸುವುದು ಹೆಲ್ಪ್‌ಡೆಸ್ಕಿನ ಕೆಲಸ, ಎರಡು ನಿಮಿಷದ ಫೋನು ಅದರ ಸಾಧನ.

ಕಳಿಸುವವರಿಂದ ಕೇಳಿಕೊಳ್ಳುವುದು ಒಂದೇ ಇದೆ, ಅದೂ ಬಹುತೇಕರು ಮಾಡದ ಕೆಲಸ. ಕೆಟ್ಟಾಗ ಸಂದೇಶ ಹಾಕುವ ಹಾಗೆಯೇ, ತಾನಾಗಿ ಸರಿಹೋದಾಗಲೂ ಒಂದು ಸಾಲು ಹಾಕಿ: “3.20ಕ್ಕೆ ಬಂತು ಸಾರ್, ನಾವೇನೂ ಮಾಡಲಿಲ್ಲ.” ಬಂದುಹೋಗುವ ದೋಷಗಳನ್ನು ಹಿಡಿಯುವುದೇ ಅತಿ ಕಷ್ಟ. ಅವು ಹೋದ ಹೊತ್ತು ನಿಮಗಲ್ಲದೆ ಬೇರೆ ಯಾರಿಗೂ ಗೊತ್ತಿರುವುದಿಲ್ಲ.